ಹಿಂದಿಯ ‘ಹೂಂ’ ನನ್ನ ಬಾಯಲ್ಲಿ ‘ಹೂಮ್’ ಆಗೋದೇಕೆ?

“ತುಮಕೂರಿನವನು. ನಾನು ‘ಹೂಂ’ ಅಂದರೆ ‘ಹೂಮ್’ ಅಂತ ಕೇಳಿಸುತ್ತಂತೆ. ಯಾಕೆ, ತಿದ್ದೋದು ಹೇಗೆ?”

ಕೊನೆಗೆ ನಿಮ್ಮ ತುಟಿ ಮುಚ್ಚಿಕೊಳ್ಳುತ್ತಿದೆ, ಅದಕ್ಕೆ. ಕನ್ನಡದಲ್ಲಿ ಪದದ ಕೊನೆಯ ಸೊನ್ನೆಯನ್ನು ‘ಮ್’ ಎಂದೇ ಓದುತ್ತೇವೆ. ಹಿಂದಿಯಲ್ಲಿ ಇಲ್ಲಿ ಸ್ವರವೇ ಮೂಗಿನಿಂದಲೂ ಬರಬೇಕು: ಕಿರುನಾಲಿಗೆಯ ಭಾಗ ಕೆಳಗಿಳಿದು, ಉಸಿರು ಬಾಯಿ ಮೂಗು ಎರಡರಲ್ಲೂ ಹೊರಡುತ್ತದೆ.

ಈ ಸ್ವರ ನಿಮ್ಮಲ್ಲಿ ಆಗಲೇ ಇದೆ. ಮನೆಯಲ್ಲಿ ಯಾರಾದರೂ ಕರೆದರೆ ‘ಹ್ಞಾ’ ಅನ್ನುತ್ತೀರಲ್ಲ, ಅದೇ. ತುಟಿ ಮುಚ್ಚದೆ ಅದನ್ನೇ ಎಳೆಯುತ್ತಾ ‘ಹ್ಞೂ’ಗೆ ಜಾರಿ. ಎಳೆಯುವಾಗ ಮೂಗು ಹಿಡಿದು ಬಿಡಿ. ದನಿ ಬದಲಾದರೆ ಸರಿ, ಪೂರ್ತಿ ನಿಂತರೆ ‘ಮ್’ ಬಂದಿದೆ, ಏನೂ ಆಗದಿದ್ದರೆ ಅದು ಬರೀ ‘ಹೂ’. ಉದ್ದವನ್ನೂ ಮೊಟಕು ಮಾಡಬೇಡಿ. ‘ಹುಲಿ’ಯ ಉ ಅಲ್ಲ, ‘ಹೂಜಿ’ಯ ಊ ಅಷ್ಟು ಎಳೆಯಬೇಕು.

ಕಿವಿ ಪಳಗಲು, ಹಿಂದಿ ಮಾತಾಡುವ ಗೆಳೆಯರಿಂದ ಏಕವಚನದ ‘ಹೈ’, ಬಹುವಚನದ ‘ಹೈಂ’ ಹಿಂದುಮುಂದಾಗಿ ಹೇಳಿಸಿ, ಅವರ ತುಟಿ ನೋಡದೆ ಏಕವಚನವೋ ಬಹುವಚನವೋ ಗುರುತಿಸಿ.