ಬೋನಸ್ ದುಡ್ಡು: ಒಂದೇ ಸಲ ಹಾಕೋದಾ, ಕಂತಲ್ಲಿ ಹಾಕೋದಾ?

(ಹೆಸರು, ಕೆಲಸದ ವಿವರ ಬದಲಿಸಿದ್ದೇನೆ.)

ಶೈಲಜಾ ಅವರಿಗೆ 38 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. 2025ರ ಏಪ್ರಿಲ್‌ನಲ್ಲಿ ಅವರಿಗೆ ಏಳೂವರೆ ಲಕ್ಷ ಬೋನಸ್ ಬಂತು. 30 ಪರ್ಸೆಂಟ್ ಸ್ಲ್ಯಾಬ್ ಆದ್ದರಿಂದ ಸೆಸ್ ಸೇರಿ 31.2% ಟಿಡಿಎಸ್ ಹೋಗಿ ಕೈಗೆ ಸಿಕ್ಕಿದ್ದು 5,16,000 ರೂಪಾಯಿ. ಮೂರು ವರ್ಷದಿಂದ ನಿಫ್ಟಿ 50 ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳಿಗೆ 15,000ದ ಎಸ್‌ಐಪಿ ಇತ್ತು. ಅದರ ಬೆಲೆ ಸುಮಾರು ಆರೂವರೆ ಲಕ್ಷ ಆಗಿತ್ತು.

ಗಂಡ ಹೆಂಡತಿ ಇಬ್ಬರೂ ಸಲಹೆ ಕೇಳೋಕೆ ನನ್ನ ಹತ್ತಿರ ಬಂದಿದ್ದರು. "ಎಸ್‌ಐಪಿ ಸೇಫ್ ಅಲ್ವಾ ಸರ್? ಇದನ್ನೂ ಎರಡು ವರ್ಷಕ್ಕೆ ಭಾಗ ಮಾಡಿ ಹಾಕ್ತೀನಿ," ಅಂದರು ಶೈಲಜಾ. ಅವರ ಯಜಮಾನರದ್ದು ಬೇರೆ ಮಾತು: "ಮಾರ್ಕೆಟ್ ಇನ್ನೊಂದು ಸಲ ಬೀಳಲಿ, ಆಗ ಪೂರ್ತಿ ಹಾಕಿಬಿಡೋಣ."

ಮೊದಲು ಯಜಮಾನರ ಮಾತು. 2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಇಳಿದಿತ್ತು. ಇನ್ನೊಂದು ಸಲ ಬೀಳುತ್ತೆ ಅಂತ ಕಾದವರು ಆಗ ಬಹಳ ಜನ ಇದ್ದರು. ನವೆಂಬರ್ ಹೊತ್ತಿಗೆ ಸೂಚ್ಯಂಕ ಹಳೆಯ ಗರಿಷ್ಠವನ್ನೇ ದಾಟಿತು. ಕಾಯುವವರಿಗೆ ಯಾವ ಮಟ್ಟಕ್ಕೆ ಬಂದರೆ ಹಾಕಬೇಕು ಅನ್ನೋದು ಗೊತ್ತಿರುವುದಿಲ್ಲ. ಇವರಿಗೂ ಕೇಳಿದೆ. ಅವರ ಹತ್ತಿರ ಅಂಕಿ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಶೈಲಜಾ ಅವರ ತಪ್ಪು ತಿಳಿವಳಿಕೆ ಬಿಡಿಸೋದಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಸಂಬಳದಿಂದ ಹೋಗುವ ಎಸ್‌ಐಪಿಯಲ್ಲಿ ಆಯ್ಕೆಯೇ ಇಲ್ಲ. ಮುಂದಿನ ತಿಂಗಳ ಸಂಬಳ ಇನ್ನೂ ಬಂದೇ ಇಲ್ಲ, ಹಾಗಾಗಿ ಬಂದಾಗ ಹಾಕುತ್ತೇವೆ. ಬೋನಸ್ ಹಾಗಲ್ಲ, ಪೂರ್ತಿ ಈಗಲೇ ಕೈಯಲ್ಲಿದೆ. ಅದನ್ನು ಭಾಗ ಮಾಡುವುದು ಅಂದರೆ ಉಳಿದ ಭಾಗವನ್ನು ಬ್ಯಾಂಕಿನಲ್ಲೋ, ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡು ಹಾಕುವ ಲಿಕ್ವಿಡ್ ಫಂಡ್‌ನಲ್ಲೋ ಕೂರಿಸಿಡುವುದು ಅಂತಲೇ ಅರ್ಥ. ಇನ್ನೊಂದು ವಿಷಯ: ಈಗಾಗಲೇ ಕೊಂಡ ಯೂನಿಟ್‌ಗಳಿಗೆ ಎಸ್‌ಐಪಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಾರ್ಕೆಟ್ ಬಿದ್ದರೆ ಅವರ ಆರೂವರೆ ಲಕ್ಷವೂ ಅದರ ಜೊತೆಗೇ ಇಳಿಯುತ್ತದೆ.

ಹಾಗಾದರೆ ಭಾಗ ಮಾಡಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ? ಉದಾಹರಣೆಗೆ ಮೂರು ಲಕ್ಷ ಇಟ್ಟುಕೊಂಡು ಅವರೆದುರೇ ಹಾಳೆಯ ಮೇಲೆ ಲೆಕ್ಕ ಹಾಕಿದೆ. ಒಂದು ದಾರಿ, ಮೂರೂ ಲಕ್ಷ ಇವತ್ತೇ. ಇನ್ನೊಂದು, ಇವತ್ತಿನಿಂದ ಹನ್ನೆರಡು ತಿಂಗಳು 25,000ದಂತೆ, ಉಳಿದದ್ದಕ್ಕೆ ಲಿಕ್ವಿಡ್ ಫಂಡ್‌ನಲ್ಲಿ ವರ್ಷಕ್ಕೆ 6%. ಸೂಚ್ಯಂಕ ವರ್ಷವಿಡೀ ಒಂದೇ ಸಮನೆ ಏರಿ 12% ಮೇಲಾದರೆ, ಮೊದಲ ದಾರಿಯಲ್ಲಿ 36,000 ಲಾಭ. ಎರಡನೆಯದರಲ್ಲಿ ಸುಮಾರು 27,000. ಅದೇ ರೀತಿ ಒಂದೇ ಸಮನೆ ಇಳಿದು 20% ಕೆಳಗೆ ಹೋದರೆ, ಮೊದಲ ದಾರಿಯಲ್ಲಿ 60,000 ನಷ್ಟ, ಎರಡನೆಯದರಲ್ಲಿ ಸುಮಾರು 26,500.

ಅಂದರೆ ಏರುವ ವರ್ಷದಲ್ಲಿ 9,000 ಬಿಟ್ಟುಕೊಟ್ಟು, ಬೀಳುವ ವರ್ಷದಲ್ಲಿ 33,000ಕ್ಕೂ ಹೆಚ್ಚು ಉಳಿಸಿಕೊಳ್ಳುವ ಒಂದು ವಿಮೆ ಇದು. ಚೆನ್ನಾಗೇ ಇದೆ ಅನ್ನಿಸುತ್ತೆ. ಆದರೆ ಏರುವ ವರ್ಷಗಳೇ ಜಾಸ್ತಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಮಾರುಕಟ್ಟೆಗಳ ಬಗ್ಗೆ ವ್ಯಾನ್‌ಗಾರ್ಡ್ 2012ರಲ್ಲಿ ಮಾಡಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಸಲ ಒಂದೇ ಸಲ ಹಾಕಿದವರೇ ಮುಂದಿದ್ದರು. ಎರಡು ವರ್ಷಕ್ಕೆ ಎಳೆದರೆ ಕೂತಿರುವ ದುಡ್ಡೂ ಜಾಸ್ತಿ, ವಿಮೆಯ ಕಂತೂ ಜಾಸ್ತಿ.

ಬರೀ ಲೆಕ್ಕ ನೋಡಿದ್ದರೆ "ಇವತ್ತೇ ಹಾಕಿ" ಅಂತ ಹೇಳಿ ಕಳಿಸುತ್ತಿದ್ದೆ. ಆದರೆ ಅವರು ತಂದಿದ್ದ ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ನೋಡುವಾಗ ಒಂದು ಕಡೆ ಕಣ್ಣು ನಿಂತಿತು. ಪ್ರತಿ ತಿಂಗಳೂ 5ನೇ ತಾರೀಕು 15,000ದ ಸಾಲು ಇದೆ. 2024ರ ಡಿಸೆಂಬರ್ ಆದ ಮೇಲೆ ಮುಂದಿನ ಸಾಲು 2025ರ ಏಪ್ರಿಲ್‌ದು. ನಡುವೆ ಮೂರು ತಿಂಗಳು ಖಾಲಿ. ನಿಫ್ಟಿ 2024ರ ಸೆಪ್ಟೆಂಬರ್ ಕೊನೆಯಲ್ಲಿ 26,200ರ ಮೇಲಿತ್ತು, ಮಾರ್ಚ್ ಮೊದಲ ವಾರದಲ್ಲಿ 22,100ರ ಹತ್ತಿರ ಬಂದಿತ್ತು. ಸುಮಾರು 16% ಇಳಿತ.

"ಜನವರಿಯಲ್ಲಿ ಏನಾಯ್ತು ಮೇಡಂ?"

"ದಿನಾ ಕೆಂಪು ನೋಡಿ ನೋಡಿ ಸಾಕಾಯ್ತು ಸರ್. ಎಸ್‌ಐಪಿ ಸ್ವಲ್ಪ ದಿನ ನಿಲ್ಲಿಸಿದೆ."

ರಿಸ್ಕ್ ಪ್ರಶ್ನಾವಳಿಯಲ್ಲಿ ಎಲ್ಲರೂ ಧೈರ್ಯವಂತರೇ. ನನಗೆ ಮಾತ್ರ ಇಂಥ ಖಾಲಿ ತಿಂಗಳುಗಳ ಮೇಲೆ ನಂಬಿಕೆ ಜಾಸ್ತಿ. 16% ಇಳಿತಕ್ಕೆ ಕಂತು ನಿಲ್ಲಿಸಿದವರು, ದೊಡ್ಡ ಮೊತ್ತ ಹಾಕಿದ ಮರುತಿಂಗಳು 30% ಬಿದ್ದರೆ ಮಾರಿಬಿಡಬಹುದು. ಅವರ ಮುಂದಿದ್ದ ನಿಜವಾದ ಅಪಾಯ ಅದು. ಅದರ ಎದುರು 9,000 ಏನೂ ಅಲ್ಲ.

ಆಮೇಲೆ ಮುಖ್ಯವಾದ ಪ್ರಶ್ನೆಗೆ ಬಂದೆವು. ಕಂತಲ್ಲಿ ಹಾಕಿದರೂ ಕೊನೆಯ ಕಂತಿನ ಮರುದಿನ ಎಲ್ಲ ದುಡ್ಡೂ ಮಾರ್ಕೆಟ್‌ನಲ್ಲೇ ಇರುತ್ತದೆ. ಆಗ 30% ಬಿದ್ದರೆ ಕಂತಲ್ಲಿ ಹಾಕಿದ್ದೂ ಒಂದೇ, ಒಟ್ಟಿಗೆ ಹಾಕಿದ್ದೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೇಗೆ ಹಾಕೋದು ಅನ್ನುವ ಮುಂಚೆ ಎಷ್ಟು ಹಾಕೋದು ಅಂತ ತೀರ್ಮಾನ ಆಗಬೇಕು.

ಜೂನ್‌ನಲ್ಲಿ ಮಗಳ ಶಾಲೆ ಫೀಸು 96,000 ಕಟ್ಟಬೇಕಿತ್ತು. ಅದನ್ನು ಮೊದಲೇ ತೆಗೆದಿಟ್ಟೆವು. ಉಳಿದದ್ದು 4,20,000. ಮನೆ ಖರ್ಚು ತಿಂಗಳಿಗೆ 60,000, ಕಷ್ಟಕಾಲಕ್ಕೆ ಅಂತ ಇದ್ದದ್ದು ಬರೀ ಎರಡು ತಿಂಗಳಿಗೆ ಆಗುವಷ್ಟು. 1,20,000ವನ್ನು ಎಫ್‌ಡಿಗೆ ಹಾಕಿದರೆ ನಾಲ್ಕು ತಿಂಗಳಿಗೆ ಆಗುತ್ತದೆ. ಉಳಿದ ಮೂರು ಲಕ್ಷ ಇಂಡೆಕ್ಸ್ ಫಂಡ್‌ಗೆ ಸೇರಿದರೆ ಒಟ್ಟು ಒಂಬತ್ತೂವರೆ ಲಕ್ಷ. 30% ಬಿದ್ದರೆ ಆರೂ ಮುಕ್ಕಾಲು ಲಕ್ಷದ ಒಳಗೆ ಬರುತ್ತದೆ. ಪರ್ಸೆಂಟ್‌ನಲ್ಲಿ ಹೇಳದೆ ರೂಪಾಯಿಯಲ್ಲೇ ಹೇಳಿದೆ. ಶೈಲಜಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಫ್‌ಡಿ ಬೇರೆ ಇದ್ರೆ ತಡ್ಕೋಬಹುದು," ಅಂದರು.

ನಾನು ಕೊಟ್ಟ ಸಲಹೆ ಇಷ್ಟು. ಒಂದೂವರೆ ಲಕ್ಷ ಆ ವಾರವೇ ಇಂಡೆಕ್ಸ್ ಫಂಡ್‌ಗೆ. ಇನ್ನೊಂದೂವರೆ ಲಕ್ಷ ಅದೇ ಫಂಡ್ ಕಂಪನಿಯ ಲಿಕ್ವಿಡ್ ಫಂಡ್‌ಗೆ. ಅಲ್ಲಿಂದ ಎಸ್‌ಟಿಪಿ, ಅಂದರೆ ಒಂದು ಫಂಡ್‌ನಿಂದ ಇನ್ನೊಂದಕ್ಕೆ ತಾನಾಗೇ ಹೋಗುವ ವರ್ಗಾವಣೆ, ಮೂಲಕ ತಿಂಗಳಿಗೆ 25,000ದಂತೆ ಆರು ತಿಂಗಳು. ಎಸ್‌ಟಿಪಿ ಬೇರೆ ಬೇರೆ ಕಂಪನಿಗಳ ಫಂಡ್‌ಗಳ ನಡುವೆ ನಡೆಯುವುದಿಲ್ಲ, ಅದಕ್ಕೇ ಅದೇ ಕಂಪನಿಯ ಫಂಡ್ ಬೇಕು. ಲಿಕ್ವಿಡ್ ಫಂಡ್‌ನಿಂದ ಏಳು ದಿನದ ಒಳಗೆ ತೆಗೆದರೆ ಎಕ್ಸಿಟ್ ಲೋಡ್ ಅನ್ನುವ ಸಣ್ಣದೊಂದು ಶುಲ್ಕ ಇದೆ, ಆದ್ದರಿಂದ ಮೊದಲ ವರ್ಗಾವಣೆ ತಿಂಗಳು ಕಳೆದ ಮೇಲೆ. ಪ್ರತಿ ವರ್ಗಾವಣೆಯೂ ತೆರಿಗೆ ಲೆಕ್ಕದಲ್ಲಿ ಒಂದು ಮಾರಾಟವೇ. ಅಲ್ಲಿ ಬಂದ ಲಾಭ ಅವರ ಸ್ಲ್ಯಾಬ್‌ಗೆ ಸೇರುತ್ತದೆ. ಹಾಗೆಯೇ ಇಂಡೆಕ್ಸ್ ಫಂಡ್‌ನಲ್ಲಿ ಪ್ರತಿ ಕಂತಿಗೂ, ಲಾಭ ತೆರಿಗೆ ಲೆಕ್ಕದಲ್ಲಿ ದೀರ್ಘಾವಧಿಯದಾಗಲು ಬೇಕಾದ ಒಂದು ವರ್ಷ ಬೇರೆಬೇರೆಯಾಗಿ ಶುರುವಾಗುತ್ತದೆ.

ಸಂಬಳದ ಎಸ್‌ಐಪಿ ಎಂದಿನಂತೆ ನಡೆಯಬೇಕು ಅಂದೆ. ಬೋನಸ್ ಕಂತು ಹೋಗುತ್ತಿದೆಯಲ್ಲ ಅಂತ ಅದನ್ನು ನಿಲ್ಲಿಸುವವರು ಎಷ್ಟೋ ಜನ. ಎಸ್‌ಐಪಿ ನಿಲ್ಲಿಸಬೇಕು ಅನ್ನಿಸಿದರೆ ಇಬ್ಬರೂ ಒಪ್ಪಿ, ಒಂದು ವಾರ ಬಿಟ್ಟು ನಿಲ್ಲಿಸಬೇಕು ಅಂತ ಅವರೇ ಹಾಳೆಯ ಕೆಳಗೆ ಬರೆದುಕೊಂಡರು.

ಮೊದಲ ಒಂದೂವರೆ ಲಕ್ಷ ಹೋದದ್ದು ಏಪ್ರಿಲ್ ಕೊನೆಯಲ್ಲಿ, ನಿಫ್ಟಿ 24,300ರ ಆಸುಪಾಸಿನಲ್ಲಿದ್ದಾಗ. ಕಂತುಗಳು ತಿಂಗಳ ಕೊನೆಗೆ ಹೋದವು, ಆರೂ ಸಲ ನಿಫ್ಟಿ ಅದಕ್ಕಿಂತ ಮೇಲೇ ಇತ್ತು. ಅಂದರೆ ಒಂದೇ ಸಲ ಹಾಕಿದ್ದರೆ ಸ್ವಲ್ಪ ಜಾಸ್ತಿ ಸಿಗುತ್ತಿತ್ತು. ಯಜಮಾನರು ನವೆಂಬರ್‌ನಲ್ಲಿ ಫೋನ್ ಮಾಡಿ ಇದನ್ನೇ ಕೇಳಿದರು. ಹೌದು, ಸ್ವಲ್ಪ ದುಡ್ಡು ವಿಮೆಗೆ ಹೋಯಿತು ಅಂದೆ. ಎಸ್‌ಐಪಿ ಒಂದು ತಿಂಗಳೂ ತಪ್ಪಿರಲಿಲ್ಲ.

ಮುಂದಿನ ಬೋನಸ್‌ಗೂ ಹೀಗೇ ಮಾಡೋದಾ ಅಂತ ಕೇಳಿದರು. ಫಂಡ್‌ನಲ್ಲಿ ಇಪ್ಪತ್ತು ಲಕ್ಷ ಇರುವವರಿಗೆ ಮೂರು ಲಕ್ಷದ ಬೋನಸ್ ಅಂದರೆ 15%. ಇರುವ ಇಪ್ಪತ್ತನ್ನು ಮಾರಿ ಕಂತಲ್ಲಿ ಮತ್ತೆ ಕೊಳ್ಳಲು ಯಾರೂ ಹೋಗುವುದಿಲ್ಲ, ಹಾಗಿರುವಾಗ ಈ ಮೂರಕ್ಕೆ ಮಾತ್ರ ಯಾಕೆ ಅಷ್ಟು ಹೆದರಿಕೆ? ಅಲ್ಲಿಗೆ ತಲುಪಿದಾಗ ಒಂದೇ ಸಲ ಹಾಕಿ ಅಂತ ಹೇಳಿದ್ದೇನೆ. ಅಲ್ಲಿಯವರೆಗೆ ಅರ್ಧ ಈಗ, ಅರ್ಧ ಆರು ತಿಂಗಳಲ್ಲಿ.