ಕೈಚಳಕವಿರುವ ಸ್ಟೈಲಿಸ್ಟ್ ದಿನಾ ತಡವಾಗಿ ಬಂದರೆ ರಿವ್ಯೂನಲ್ಲಿ ಹೇಗೆ ಮಾತಾಡಬೇಕು?

ಪ್ರಶ್ನೆ: ನಮ್ಮ ಸಲೂನಿನಲ್ಲಿ ಹೇರ್ ಕಲರ್‌ಗೆ ಎಲ್ಲರೂ ಕೇಳುವುದು ಒಬ್ಬರನ್ನೇ. ಆದರೆ ಅವರು ಬರುವುದೇ ತಡ. ರಿವ್ಯೂನಲ್ಲಿ ಹೇಗೆ ಹೇಳಲಿ, ಬಿಟ್ಟುಹೋದರೆ?

ಉತ್ತರ: ತಡವನ್ನು ಶಿಸ್ತಿನ ವಿಷಯವಾಗಿ ಎತ್ತಬೇಡಿ, ಅವರ ಕೆಲಸದ ಗುಣಮಟ್ಟದ ವಿಷಯವಾಗಿ ಎತ್ತಿ. ಒಳ್ಳೆಯ ಕೈಯವರಿಗೆ ನಾಟುವುದು ಅದೇ.

ಮೊದಲು ಕಳೆದ ತಿಂಗಳ ಹಾಜರಿಯನ್ನೂ ಅಪಾಯಿಂಟ್‌ಮೆಂಟ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದಾಹರಣೆಗೆ, 10 ಗಂಟೆಗೆ ಬಿಳಿಕೂದಲಿನ ಕಲರ್, 12ಕ್ಕೆ ಕಟ್ ಇದೆ ಎಂದುಕೊಳ್ಳಿ. ಅವರು ಬಂದಿದ್ದು 10:35ಕ್ಕೆ. ಕಲರ್ ಹಚ್ಚಿದ ಮೇಲೆ ಸಾಮಾನ್ಯವಾಗಿ 30ರಿಂದ 45 ನಿಮಿಷ ಬಿಡಬೇಕು. ಹೊತ್ತಾಯಿತೆಂದು ಬೇಗ ತೊಳೆದರೆ ಬಿಳಿಕೂದಲು ಸರಿಯಾಗಿ ಮುಚ್ಚುವುದಿಲ್ಲ. ಪೂರ್ತಿ ಬಿಟ್ಟರೆ 12ರವರು ಕಾಯಬೇಕು. ಇಂಥ ಎರಡು ಮೂರು ದಿನಗಳನ್ನು ಮುಂದಿಟ್ಟು, "ಯಾಕೆ ಹೀಗಾಗುತ್ತಿದೆ?" ಎಂದು ಕೇಳಿ ಸುಮ್ಮನಿರಿ. ಅವರೇ ಹೇಳಲಿ.

ಮಗುವನ್ನು ಶಾಲೆಗೆ ಬಿಟ್ಟು ಬರಬೇಕು ಅಂದರೆ ಶಿಫ್ಟನ್ನೇ 11ಕ್ಕೆ ಸರಿಸಿ, ಸಂಜೆ ಒಂದು ಗಂಟೆ ಜಾಸ್ತಿ ಇರಲಿ. ಕಾರಣವೇ ಇಲ್ಲದಿದ್ದರೆ ಬೆಳಗಿನ ಕಲರ್ ಬುಕಿಂಗ್ ಬೇರೆಯವರಿಗೆ ಹೋಗುತ್ತದೆ ಎಂದು ನೇರವಾಗಿ ಹೇಳಿ. ಅವರ ಇನ್ಸೆಂಟಿವ್ ಅಲ್ಲೇ ಇರುವುದು, ಅಲ್ವಾ?

ಸಿಟ್ಟಿನಲ್ಲಿ ಅರ್ಧ ದಿನದ ಸಂಬಳ ಹಿಡಿಯಬೇಡಿ. ಇಲ್ಲದ ಹೊತ್ತಿಗೆ ತಕ್ಕಷ್ಟನ್ನು ಮೀರಿ ಕಡಿತ ಮಾಡಲು ವೇತನ ಕಾನೂನು ಒಪ್ಪುವುದಿಲ್ಲ. ಒಪ್ಪಿದ ಸಮಯವನ್ನು ಬರೆದು ಇಬ್ಬರೂ ಸಹಿ ಹಾಕಿ, ನಾಲ್ಕು ವಾರ ಬಿಟ್ಟು ಅದೇ ಪುಸ್ತಕ ತೆಗೆದು ಮತ್ತೆ ಕೂರಿ.