ರಿಲೀಸ್ ಸಿಕ್ಕಿದರೆ ವೀಸಾ ಉಳಿಯುತ್ತೆ ಅಂತೇನಿಲ್ಲ

"ಅಣ್ಣಾ, ಜುಲೈನಲ್ಲಿ ಮಾಸ್ಟರ್ಸ್ ಇನ್ ಐಟಿ ಓದೋಕೆ ಮೆಲ್ಬರ್ನ್‌ಗೆ ಬಂದೆ. ಮೂರು ತಿಂಗಳಾಯ್ತು, ಕೋರ್ಸ್ ತಲೆಗೆ ಹತ್ತುತ್ತಿಲ್ಲ, ಫೀಸೂ ಭಾರ. ಒಬ್ಬ ಏಜೆಂಟ್ ಇನ್ನೊಂದು ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಗ್ರಾಜುಯೇಟ್ ಡಿಪ್ಲೊಮಾ ಕೊಡಿಸ್ತೀನಿ, ರಿಲೀಸ್ ಸಿಕ್ಕರೆ ಸಾಕು, ವೀಸಾಗೆ ಏನೂ ಆಗಲ್ಲ ಅಂತಾರೆ. ಸೇರಬಹುದಾ?"

ಈಗಿರೋ ವೀಸಾದ ಮೇಲೆ ಸೇರಬೇಡಿ. ಏಜೆಂಟ್ ಎರಡು ಬೇರೆ ಬೇರೆ ಬೀಗಗಳಿಗೆ ಒಂದೇ ಕೀಲಿಕೈ ತೋರಿಸುತ್ತಿದ್ದಾರೆ.

ಮೊದಲನೇ ಬೀಗ ಕಾಲೇಜುಗಳದ್ದು. ಮುಖ್ಯ ಕೋರ್ಸ್ ಶುರುವಾಗಿ ಆರು ತಿಂಗಳು ತುಂಬುವವರೆಗೆ, ನಿಮ್ಮ ಈಗಿನ ಯೂನಿವರ್ಸಿಟಿ ರಿಲೀಸ್, ಅಂದರೆ ಬಿಟ್ಟು ಹೋಗೋಕೆ ಒಪ್ಪಿಗೆ, ಕೊಡದೆ ಇನ್ನೊಬ್ಬರು ನಿಮ್ಮನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಮೊದಲೆಲ್ಲ ಕೆಲವರು ಹಳೇ ಸಿಒಇ, ಅಂದರೆ ಕಾಲೇಜು ಕೊಡೋ ದಾಖಲಾತಿ ದೃಢೀಕರಣ, ಇದ್ದಂಗೇ ಇನ್ನೊಂದು ಸಿಒಇ ಮಾಡಿಸಿಕೊಂಡು ಜಾರಿಕೊಳ್ಳುತ್ತಿದ್ದರು, ಆ ದಾರಿಯನ್ನು 2023ರ ಆಗಸ್ಟ್‌ನಲ್ಲೇ ಮುಚ್ಚಿದ್ದಾರೆ. ನಿಮ್ಮ ಕ್ಲಾಸ್ ಜುಲೈ 21ಕ್ಕೆ ಶುರುವಾಗಿದೆ ಅಂದುಕೊಳ್ಳಿ, ಜನವರಿ 21ಕ್ಕೆ ಆರು ತಿಂಗಳು. ರಜೆಯ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ರಿಲೀಸೇ ಬೇಕಿಲ್ಲ. ಮುಂದಿನ ಸೆಮಿಸ್ಟರ್ ಹೇಗೂ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಶುರು, ಹಾಗಾಗಿ ಈಗಲೇ ರಿಲೀಸಿಗೆ ಅಂಗಲಾಚಿ ನಿಮಗೆ ಸಿಗೋದೇನು ಅಂತ ನನಗೆ ಅರ್ಥವಾಗಲಿಲ್ಲ. ಅದಕ್ಕೆ ಹಣ ಕೇಳಿದರಂತೂ ಕೊಡಬೇಡಿ, ಯೂನಿವರ್ಸಿಟಿ ರಿಲೀಸ್ ಕೊಡೋದು ಉಚಿತ.

ಎರಡನೇ ಬೀಗ ವೀಸಾದ್ದು. ಅದಕ್ಕೆ ಆರು ತಿಂಗಳ ಲೆಕ್ಕ ಗೊತ್ತಿಲ್ಲ, ವೀಸಾ ಮುಗಿಯೋವರೆಗೂ ಬಿದ್ದೇ ಇರುತ್ತೆ. ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾ, ಅಂದರೆ ಸಬ್‌ಕ್ಲಾಸ್ 500 ವೀಸಾದ 8202 ಅನ್ನೋ ಷರತ್ತು ಹೇಳೋದು ಇಷ್ಟು: ಯಾವ ಮಟ್ಟದ ಕೋರ್ಸಿಗೆ ವೀಸಾ ಕೊಟ್ಟರೋ ಅದೇ ಮಟ್ಟದ ಅಥವಾ ಅದಕ್ಕಿಂತ ಮೇಲಿನ ಕೋರ್ಸ್‌ನಲ್ಲಿ ನಿಮ್ಮ ದಾಖಲಾತಿ ಇರಬೇಕು. ಇಲ್ಲಿ ಪ್ರತಿ ಪದವಿಗೂ ಒಂದು ಮಟ್ಟದ ನಂಬರ್ ಇದೆ. ಡಿಪ್ಲೊಮಾ 5, ಬ್ಯಾಚುಲರ್ 7, ಗ್ರಾಜುಯೇಟ್ ಡಿಪ್ಲೊಮಾ 8, ಮಾಸ್ಟರ್ಸ್ 9, ಪಿಎಚ್‌ಡಿ 10. ಪಿಎಚ್‌ಡಿಯಿಂದ ಮಾಸ್ಟರ್ಸ್‌ಗೆ ಇಳಿಯೋದಕ್ಕೆ ಮಾತ್ರ ವಿನಾಯಿತಿ. 9ರಿಂದ 8ಕ್ಕೆ ಇಲ್ಲ.

ಜನ ಬೀಳೋದು ಇಲ್ಲೇ. ಹೆಸರಲ್ಲಿ ಗ್ರಾಜುಯೇಟ್ ಅಂತಿದೆಯಲ್ಲ, ಡಿಗ್ರಿ ಮುಗಿಸಿದ ಮೇಲೆ ಮಾಡೋದು ಅಲ್ವಾ, ಮಾಸ್ಟರ್ಸ್‌ಗೆ ಸಮ ಇರಬೇಕು ಅಂದುಕೊಳ್ಳುತ್ತಾರೆ. ನನ್ನ ಹಳೇ ರೂಮ್‌ಮೇಟ್ ಒಬ್ಬ ಹಾಗೇ ಅಂದುಕೊಂಡ. ರಿಲೀಸ್ ಸಿಕ್ಕಿತ್ತು, ಹೊಸ ಸಿಒಇ ಕೈಲಿತ್ತು, ದಿನಾ ಕ್ಲಾಸಿಗೂ ಹೋಗುತ್ತಿದ್ದ. ಅವನ ಮಟ್ಟಿಗೆ ಎಲ್ಲಾ ಸರಿಯಾಗೇ ಇತ್ತು. ಕೆಲವು ತಿಂಗಳಾದ ಮೇಲೆ ವೀಸಾ ರದ್ದು ಮಾಡಲು ಯೋಚಿಸುತ್ತಿದ್ದೇವೆ ಅನ್ನೋ ನೋಟಿಸ್ ಇಮೇಲ್‌ಗೆ ಬಂತು, ಅದು ಜಂಕ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಅವನು ನೋಡೋ ಹೊತ್ತಿಗೆ ಉತ್ತರ ಕೊಡೋ ಗಡುವು ಮುಗಿದಿತ್ತು. ವೀಸಾ ಹೋಯ್ತು. ಹಾಗೆ ರದ್ದಾದರೆ ಮೂರು ವರ್ಷ ಬಹಳಷ್ಟು ವೀಸಾಗಳಿಗೆ ಅಡ್ಡಿ ಬರಬಹುದು. ಕಾಲೇಜು ಸಿಒಇ ಬದಲಿಸಿದ ಕೂಡಲೇ ವೀಸಾ ಕೊಡೋ ಇಲಾಖೆಗೆ ಕಾಣಿಸುತ್ತೆ, ಆದರೆ ಅವರು ಅವತ್ತೇ ಕೇಳಲ್ಲ. ಏಜೆಂಟರು "ನೋಡಿ, ಏನೂ ಆಗಲಿಲ್ಲ" ಅನ್ನೋದು ಈ ನಡುವಿನ ತಿಂಗಳುಗಳನ್ನು ತೋರಿಸಿಯೇ.

ನಿಜವಾಗಲೂ ಗ್ರಾಜುಯೇಟ್ ಡಿಪ್ಲೊಮಾನೇ ಬೇಕು ಅಂದರೆ ದಾರಿ ಇದೆ, ಆದರೆ ಅಗ್ಗ ಅಲ್ಲ. ಹೊಸ ಕೋರ್ಸಿನ ಸಿಒಇ ಇಟ್ಟುಕೊಂಡು ಹೊಸ ಸ್ಟೂಡೆಂಟ್ ವೀಸಾಗೆ ಅರ್ಜಿ ಹಾಕಿ, ಅದು ಮಂಜೂರಾದ ಮೇಲೆ ಕೋರ್ಸ್ ಬದಲಿಸಬೇಕು. 2025ರ ಜುಲೈಯಿಂದ ಅರ್ಜಿ ಶುಲ್ಕವೇ 2000 ಡಾಲರ್. ಮಾಸ್ಟರ್ಸ್ ಬಿಟ್ಟು ಕೆಳಗೆ ಯಾಕೆ ಇಳಿದಿರಿ ಅಂತ ಕೇಳಿಯೇ ಕೇಳುತ್ತಾರೆ, "ಫೀಸ್ ಕಮ್ಮಿ" ಅನ್ನೋದು ಅವರನ್ನು ಒಪ್ಪಿಸೋ ಉತ್ತರ ಅಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೇರೆ ಯೂನಿವರ್ಸಿಟಿಯಲ್ಲಿ, ಫೀಸ್ ಕಡಿಮೆ ಇರೋ ಇನ್ನೊಂದು ಮಾಸ್ಟರ್ಸ್ ಹುಡುಕುತ್ತಿದ್ದೆ. ವಿಷಯ ಬೇರೆಯಾದರೂ ಮಟ್ಟ 9 ಇದ್ದರೆ 8202ಕ್ಕೆ ತೊಂದರೆ ಇಲ್ಲ, ಹೊಸ ವೀಸಾನೂ ಬೇಡ. ಹೊಸ ಕೋರ್ಸ್ ಈಗಿನ ವೀಸಾದ ಕೊನೆಯ ದಿನ ದಾಟುತ್ತಾ ಅಂತ ಮಾತ್ರ ನೋಡಿಕೊಳ್ಳಿ. ದಾಟಿದರೆ ವೀಸಾ ಮುಗಿಯೋ ಮುಂಚೆ ಇನ್ನೊಂದಕ್ಕೆ ಅರ್ಜಿ ಹಾಕಬೇಕಾಗುತ್ತೆ.

ಕ್ರಮ ತಪ್ಪಬೇಡಿ. ಮೊದಲು ಹೊಸ ಕಡೆಯಿಂದ ಆಫರ್ ಲೆಟರ್, ಆಮೇಲೆ ಹೊಸ ಸಿಒಇ, ಕೊನೆಗೆ ಹಳೇ ಕೋರ್ಸ್ ಬಿಡೋದು. ಬೇಜಾರಾಯ್ತು ಅಂತ ಸುಮ್ನೆ ಕ್ಲಾಸಿಗೆ ಹೋಗೋದು ನಿಲ್ಲಿಸಿದರೆ ಯೂನಿವರ್ಸಿಟಿ ಸಿಒಇ ರದ್ದು ಮಾಡಬಹುದು. ಆಗ ಯಾವ ಕೋರ್ಸ್‌ನಲ್ಲೂ ದಾಖಲಾತಿ ಇಲ್ಲದವರಾಗುತ್ತೀರಿ, ಅದೂ 8202ರ ಉಲ್ಲಂಘನೆಯೇ.

ಇವತ್ತೇ ನಿಮ್ಮ ವೀಸಾ ಗ್ರಾಂಟ್ ಲೆಟರ್ ತೆಗೆದು ಷರತ್ತುಗಳನ್ನು ಓದಿ. ಹಾಗೇ ಅಲ್ಲಿ ಕೊಟ್ಟಿರೋ ಇಮೇಲ್ ನೀವು ದಿನಾ ನೋಡೋದೇನಾ, ಇಲ್ಲಾ ಏಜೆಂಟ್ ಅರ್ಜಿ ಹಾಕುವಾಗ ತನ್ನದನ್ನೇ ಕೊಟ್ಟಿದ್ದಾರಾ ಅಂತಾನೂ ನೋಡಿ.